ಇಪ್ಪತ್ತೇಳು ಇರಬೇಕು

ಹಾಲಿನ ಪುಸ್ತಕದಲ್ಲಿ ತಪ್ಪಾಗಿ ಬರೆದದ್ದನ್ನು ಅಳಿಸುವಂತಿಲ್ಲ. ಬಿಳಿ ಬಣ್ಣ ಬಳಿಯುವಂತೆಯೂ ಇಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು. ಗೆರೆಯ ಕೆಳಗಿನ ಅಂಕಿ ಓದಲು ಬರುವಂತಿರಬೇಕು. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು. ಇಷ್ಟು ವರ್ಷ ಈ ನಿಯಮವನ್ನು ಊರೂರಿಗೆ ಹೋಗಿ ಹೇಳಿಕೊಟ್ಟವನು ನಾನು. ಇಲ್ಲಿಯೂ ಹಾಗೆಯೇ ಮಾಡುತ್ತೇನೆ. ನೆನಪು ತಪ್ಪಿದ ಕಡೆ ಗೆರೆ ಎಳೆಯುತ್ತೇನೆ, ಅಳಿಸುವುದಿಲ್ಲ.

ಅಕ್ಕನ ಮನೆ ಡೇರಿಗೆ ಅಂಟಿಕೊಂಡಿತ್ತು.

ಗೆರೆ. ಅಂಟಿಕೊಂಡಿರಲಿಲ್ಲ. ನಡುವೆ ಒಂದು ಓಣಿ ಇತ್ತು, ಎತ್ತಿನ ಗಾಡಿ ಹೋಗುವಷ್ಟು ಅಗಲ. ಅಕ್ಕನ ಕೊಟ್ಟಿಗೆಯಿಂದ ಡೇರಿಯ ಕಟ್ಟೆಗೆ ನಲವತ್ತು ಹೆಜ್ಜೆ. ಆಮೇಲೆ ಒಂದು ದಿನ ಎಣಿಸಿದ್ದೇನೆ. ಈ ಲೆಕ್ಕ ಮಾತ್ರ ಗಟ್ಟಿ.

ಊರು ಮಸ್ಕಿಯಿಂದ ಸಿಂಧನೂರಿಗೆ ಹೋಗುವಾಗ ಎಡಕ್ಕೆ ತಿರುಗಬೇಕಾದ ಒಂದು ಹಳ್ಳಿ. ಅರ್ಧ ಹೊಲಕ್ಕೆ ಕಾಲುವೆ ನೀರು, ಉಳಿದರ್ಧಕ್ಕೆ ಇಲ್ಲ. ಅಲ್ಲಿಯ ಹಾಲು ಉತ್ಪಾದಕರ ಸಂಘ ಸಣ್ಣದು, ಎಲ್ಲರೂ ಅದನ್ನು ಡೇರಿ ಅನ್ನುತ್ತಾರೆ. ನಾನು ಒಕ್ಕೂಟದ ವಿಸ್ತರಣಾಧಿಕಾರಿ. ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಕಡೆಯ ಇಂಥ ಸಂಘಗಳಿಗೆ ಬೈಕಿನಲ್ಲಿ ಹೋಗಿ ಪುಸ್ತಕ ನೋಡುವುದು ನನ್ನ ಕೆಲಸ. ಯಾರು ಎಷ್ಟು ಲೀಟರ್ ಹಾಕಿದರು, ಅದರಲ್ಲಿ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ನೋಡಬೇಕು. ಎಸ್‌ಎನ್‌ಎಫ್ ಎಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ. ಈ ಮೂರು ಸೇರಿದರೆ ದರ. ಆಕಳ ಹಾಲಿನ ಎಸ್‌ಎನ್‌ಎಫ್ ಎಂಟೂವರೆಗಿಂತ ಕೆಳಗಿಳಿದರೆ ದರ ಇಳಿಯುತ್ತದೆ. ಇನ್ನೂ ಇಳಿದರೆ ಜನರ ಬಾಯಿಗೆ ನೀರಿನ ಮಾತು ಬರುತ್ತದೆ.

ಅಕ್ಕನ ಊರು ನನ್ನ ಪಾಲಿಗೆ ಬಂದಾಗ ಮೇಲಿನವರಿಗೆ ಹೇಳಿದ್ದೆ, ಅಲ್ಲಿ ನಮ್ಮ ಅಕ್ಕ ಹಾಲು ಹಾಕುತ್ತಾಳೆ ಎಂದು. "ಹಾಕಲಿ ಬಿಡ್ರಿ, ಒಳ್ಳೇದಾತು" ಅಂದರು.

ಅಕ್ಕ ಪ್ರತಿದಿನ ಮೊದಲು ಬರುವವಳು. ಕಾರ್ಯದರ್ಶಿ ಬಾಗಿಲ ಚಿಲಕ ತೆಗೆದ ಸದ್ದು ಕೇಳಿದ ಮೇಲೆಯೇ ಕೆಚ್ಚಲಿಗೆ ಕೈ ಹಾಕುತ್ತಿದ್ದಳು. ಕರೆದು, ನಲವತ್ತು ಹೆಜ್ಜೆ ಓಡಿ, ಕ್ಯಾನು ಕಟ್ಟೆಯ ಮೇಲೆ ಇಡುವಾಗ ಹಾಲಿನ ಮೇಲೆ ನಾಲ್ಕು ಬೆರಳು ನೊರೆ. ಇದು ನಮ್ಮವ್ವನ ಪಾಠ. ಅವ್ವ ಮಸ್ಕಿಯಲ್ಲಿ ಮನೆಮನೆಗೆ ಹಾಲು ಹಾಕಿದವಳು. "ನೊರಿ ಆರೂದ್ರೊಳಗ ಮುಟ್ಟಿಸಬೇಕು" ಎನ್ನುತ್ತಿದ್ದಳು. ನೊರೆ ಇದ್ದರೆ ಈಗಷ್ಟೇ ಕರೆದದ್ದು, ನಡುವೆ ಯಾರೂ ಏನೂ ಮಾಡಿಲ್ಲ. ನೊರೆ ಆರಿದ ಹಾಲನ್ನು ಕೊಳ್ಳುವವರು ಬೆರಳಲ್ಲಿ ಅದ್ದಿ ನೋಡುತ್ತಾರೆ, ಆ ಬೆರಳು ನಮ್ಮ ಮುಖಕ್ಕೆ ಚುಚ್ಚಿದಂತೆ ಎಂದು ಅವ್ವನ ಲೆಕ್ಕ. ಹೀಗೆ ಅವ್ವ ಅಂದಳೋ, ಈಗ ನಾನು ಅವಳ ಬಾಯಲ್ಲಿ ಇಡುತ್ತಿದ್ದೇನೋ. ಮೊದಲ ಮಾತು ಅವಳದೇ. ಬೆರಳಿನ ಮಾತು ನನ್ನದಿರಬಹುದು.

ಚಳಿ ಶುರುವಾಗುವ ಹೊತ್ತಿಗೆ ಡೇರಿಯ ಯಂತ್ರ ಕೆಟ್ಟಿತು. ಹಾಲಿನ ಮಾದರಿ ಇಟ್ಟರೆ ಫ್ಯಾಟು, ಎಸ್‌ಎನ್‌ಎಫ್ ಎಲ್ಲ ತಾನೇ ತೋರಿಸುವ ಯಂತ್ರ ಅದು. ರಿಪೇರಿಗೆ ಕಳಿಸಿ, ಅದು ಬರುವ ತನಕ ಕೈಯಿಂದಲೇ ಪರೀಕ್ಷೆ ಮಾಡಿ ಎಂದು ನಾನೇ ಹೇಳಿದೆ. ಸಿಂಧನೂರಿನಿಂದ ಲ್ಯಾಕ್ಟೋಮೀಟರ್, ಥರ್ಮಾಮೀಟರ್ ತಂದುಕೊಟ್ಟೆ. ಫ್ಯಾಟು ಅಳೆಯುವ ಹಳೆಯ ಗಾಜಿನ ನಳಿಗೆಗಳು ಡೇರಿಯಲ್ಲೇ ಇದ್ದವು. ಲ್ಯಾಕ್ಟೋಮೀಟರನ್ನು ಹಾಲಿನಲ್ಲಿ ಬಿಟ್ಟರೆ ತೇಲುತ್ತದೆ. ಹಾಲು ಗಟ್ಟಿಯಿದ್ದಷ್ಟು ಮೇಲೆ, ತೆಳುವಾದಷ್ಟು ಕೆಳಗೆ. ಹಾಲಿನ ಮಟ್ಟಕ್ಕೆ ಬಂದ ಅಂಕಿಯೇ ರೀಡಿಂಗು. ನಮ್ಮ ಕಡೆ ಅದನ್ನು ಡಿಗ್ರಿ ಅನ್ನುತ್ತಾರೆ. ಅದನ್ನು ನಾಲ್ಕರಿಂದ ಭಾಗಿಸಿ, ಫ್ಯಾಟಿನ ಕಾಲು ಭಾಗ ಸೇರಿಸಿ, ಮೇಲೊಂದು ಗೊತ್ತುಮಾಡಿದ ಅಂಕಿ ಕೂಡಿಸಿದರೆ ಎಸ್‌ಎನ್‌ಎಫ್.

ಆದರೆ ಹಾಲು ಬಿಸಿಯಿದ್ದರೆ ತೆಳುವಾಗಿರುತ್ತದೆ, ಡಿಗ್ರಿ ಸುಳ್ಳು ಹೇಳುತ್ತದೆ. ಅದಕ್ಕಾಗಿ ಹಾಲಿನ ಶಾಖವನ್ನೂ ಅಳೆಯಬೇಕು. ಶಾಖ ಇಪ್ಪತ್ತೇಳು ಇದ್ದರೆ ತಿದ್ದುವುದು ಬೇಡ. ಅದಕ್ಕಿಂತ ಹೆಚ್ಚಿದ್ದರೆ ಒಂದೊಂದಕ್ಕೆ ಸೊನ್ನೆ ಪಾಯಿಂಟ್ ಎರಡರಂತೆ ಡಿಗ್ರಿಗೆ ಕೂಡಿಸಬೇಕು. ಇದನ್ನು ಕಾರ್ಯದರ್ಶಿಗೆ ನಾನು ಹೇಳಿಕೊಟ್ಟೆ. ಏನು ಹೇಳಿದೆ ಎಂಬುದೇ ಈಗಿನ ಪ್ರಶ್ನೆ.

ಕಾರ್ಯದರ್ಶಿ ನಲವತ್ತರ ಮನುಷ್ಯ, ಸಾಧು. ಮುತ್ತು ಪೋಣಿಸಿದಂತೆ ಬರೆಯುತ್ತಾನೆ. ನನ್ನ ಪಾಲಿನ ಊರುಗಳಲ್ಲಿ ಅಷ್ಟು ಚೆಂದದ ಪುಸ್ತಕ ಮತ್ತೊಂದಿರಲಿಲ್ಲ. ಬೇರೆ ಸಂಘದವರಿಗೆ ಅದನ್ನು ತೋರಿಸಿ, "ಪುಸ್ತಕ ಅಂದ್ರ ಹಿಂಗಿರಬೇಕ್ರಿ" ಎಂದದ್ದುಂಟು.

ಎರಡು ವಾರದ ನಂತರ ಅಕ್ಕನ ಫೋನು ಬಂತು. ನಾನು ಲಿಂಗಸುಗೂರಿನ ಬಸ್ ನಿಲ್ದಾಣದ ಮುಂದೆ ಬೈಕಿಗೆ ಗಾಳಿ ಹಾಕಿಸುತ್ತಿದ್ದೆ.

"ತಮ್ಮಾ, ನನ್ನ ಹಾಲು ಡಿಗ್ರಿ ಬರವಲ್ದಂತೋ."

"ಎಷ್ಟು ಬರಾಕತ್ತೈತಿ?"

"ಆ ಎಸ್‌ಎನ್‌ಎಫ್ ಎಂಟು ಪಾಯಿಂಟ್ ಒಂದಂತ. ದಿನಾ ಅಷ್ಟ. ಮಿಷಿನ್ ಇದ್ದಾಗ ಎಂಟು ಆರು ಬರ್ತಿತ್ತು. ಹೆಣ್ಮಕ್ಳು ನಗಾಕತ್ಯಾರ. ಕಾಲುವಿಗೆ ನೀರು ಬಿಟ್ಟಾರಂತಲ್ಲ ಯಕ್ಕಾ, ನಿನ್ನ ಕ್ಯಾನಿಗೂ ತೂಬು ಐತೇನು ಅಂತಾರ."

ನಾನು ನಕ್ಕೆ. ಮಾತು ಚೆನ್ನಾಗಿತ್ತು. ಆ ಕಡೆ ಅಕ್ಕ ನಗಲಿಲ್ಲ.

"ಬ್ಯಾರೆ ಯಾರು ನೋಡಿದ್ರೂ ನಂಬಂಗಿಲ್ಲ ನಾನು. ನೀ ಬಂದು ಪುಸ್ತಕ ನೋಡು. ನೀ ನೋಡಿದ್ರ ನಂಗ ಸಾಕು."

ಮಾರನೆಯ ಬೆಳಿಗ್ಗೆ ಹೋದೆ. ಚಳಿ ಜೋರಿತ್ತು. ಡೇರಿಯ ಮುಂದೆ ಹದಿನೈದಿಪ್ಪತ್ತು ಜನ ಕ್ಯಾನು ಹಿಡಿದು ನಿಂತಿದ್ದರು. ಹೊಲದ ಕಡೆ ಮನೆಯಿದ್ದವರು ನಸುಕಿನಲ್ಲಿ ಕರೆದು, ನಡೆದು ಬಂದು, ಸರತಿಯಲ್ಲಿ ಕಾಯುತ್ತಿದ್ದರು. ಅಕ್ಕ ಎಲ್ಲರಿಗಿಂತ ಮುಂದೆ. ಗಂಡನ ಅಣ್ಣನಿಗೆ ಮರ್ಯಾದೆ ಕೊಡುವಂತೆ ಸೆರಗು ತಲೆಯ ಮೇಲೆ ಎಳೆದುಕೊಂಡಳು, ತಮ್ಮನೆದುರು ಎಂದೂ ಎಳೆದವಳಲ್ಲ. ಅವಳ ಹಿಂದಿದ್ದ ಒಬ್ಬ ಮುದುಕಿ, "ಸಾಹೇಬ್ರು ಬಂದ್ರು, ಇವತ್ತು ಹಾಲು ಗಟ್ಟಿ ಆಕ್ಕೈತಿ ನೋಡ್ರೇ" ಎಂದಳು. ನಗೆ ಎದ್ದಿತು.

ಆ ಮಾತು ನನಗೆ ನಾಟಿತು. ಅಕ್ಕನ ಪರ ಮಾಡಿದ ಎಂದು ಯಾರೂ ಅನ್ನಬಾರದು. ನಾನು ಹಟಕ್ಕೆ ಬಿದ್ದವನಂತೆ ಸರಿಯಾಗಿ ಕೆಲಸ ಮಾಡಿದೆ.

ಮೊದಲು ಪುಸ್ತಕ. ಎರಡು ವಾರದ ಎರಡೂ ಹೊತ್ತಿನ ಅಕ್ಕನ ಸಾಲುಗಳನ್ನು ಒಂದೊಂದಾಗಿ ಭಾಗಿಸಿ, ಕೂಡಿಸಿ ನೋಡಿದೆ. ಡಿಗ್ರಿ ಇಪ್ಪತ್ತಾರೂವರೆ, ಶಾಖ ಇಪ್ಪತ್ತೇಳು, ತಿದ್ದಿದ ಡಿಗ್ರಿ ಇಪ್ಪತ್ತಾರೂವರೆ, ಫ್ಯಾಟು ನಾಲ್ಕು ಒಂದು, ಎಸ್‌ಎನ್‌ಎಫ್ ಎಂಟು ಒಂದು. ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ದರದ ಪಟ್ಟಿಗೆ ಹೋಲಿಸಿದೆ, ಸರಿ. ಊರಿನ ಒಟ್ಟು ಲೀಟರನ್ನು ಸಿಂಧನೂರಿನ ಶೀತಲೀಕರಣ ಕೇಂದ್ರಕ್ಕೆ ಹೋದ ಲೀಟರಿನ ಜೊತೆ ತಾಳೆ ನೋಡಿದೆ, ಸರಿ.

ಆಮೇಲೆ ಹಾಲು. ಅಕ್ಕ ಆಗಷ್ಟೇ ಇಟ್ಟ ಕ್ಯಾನಿನಿಂದ ಗಾಜಿನ ಜಾಡಿಗೆ ನಾನೇ ಸುರುವಿದೆ. ಜಾಡಿ ಕೈಯಲ್ಲಿ ಬೆಚ್ಚಗಿತ್ತು. ಮಸ್ಕಿಯಿಂದ ಬೈಕಿನಲ್ಲಿ ಬಂದು ಬೆರಳು ಮರಗಟ್ಟಿದ್ದವು. ಆ ಬಿಸಿ ಹಿತವಾಗಿತ್ತು. ಬೇಕಿದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಹಿಡಿದುಕೊಂಡೆ. ಲ್ಯಾಕ್ಟೋಮೀಟರ್ ಇಳಿಬಿಟ್ಟೆ. ಅಂಕಿ ಕಾಣಲಿಲ್ಲ, ನೊರೆ ಅಡ್ಡ ಬಂದಿತ್ತು. ಬಾಯಿಂದ ಊದಿ ನೊರೆ ಸರಿಸಿ ಓದಿದೆ.

ಇಪ್ಪತ್ತಾರೂವರೆ.

ಇದಕ್ಕೆ ಗೆರೆಯಿಲ್ಲ. ಆ ಬಿಸಿ, ಆ ಊದಿದ್ದು, ಆ ಅಂಕಿ, ಮೂರೂ ಇದ್ದಂತೆಯೇ ಇವೆ. ಮರೆಯಬೇಕೆಂದರೂ ಆಗುವುದಿಲ್ಲ.

ಜೋರಾಗಿ ಓದಿ ಹೇಳಿದೆ, ಸರತಿಗೆಲ್ಲ ಕೇಳುವಂತೆ. ಶಾಖದ ಕಲಂನಲ್ಲಿ ಕಾರ್ಯದರ್ಶಿ ಇಪ್ಪತ್ತೇಳು ಬರೆದ. ಥರ್ಮಾಮೀಟರ್ ಎಲ್ಲಿ ಎಂದು ನಾನು ಕೇಳಲಿಲ್ಲ. ಅಲ್ಲಿ ಒಂದು ಅಂಕಿ ಇತ್ತಲ್ಲ, ಅಂಕಿ ಇದ್ದಲ್ಲಿ ನನಗೆ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಖಾಲಿ ಬಿಟ್ಟಿದ್ದರೆ ಕೇಳುತ್ತಿದ್ದೆ.

ಅಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದೆ: "ಪುಸ್ತಕ ಬರಾಬರಿ ಐತಿ ಅಕ್ಕಾ."

"ಬರಾಬರಿ ಅಂದ್ರ?"

"ಲೆಕ್ಕ ತಪ್ಪಿಲ್ಲ."

"ಅಂದ್ರ ನಾ ತಪ್ಪ್ಯಾ?"

ಆಗ ನಾನು ಕೇಳಿದೆ: "ಆಕಳಿಗೆ ಮೇವು ಏನರ ಬದಲು ಮಾಡೀಯೇನು?"

ಗೆರೆ. ಹಾಗೆ ಕೇಳಿದ್ದು ಎರಡನೆಯದಾಗಿ. ಮೊದಲು ಕೇಳಿದ್ದು, "ಕ್ಯಾನು ತೊಳೆದಾಗ ನೀರು ಉಳಿದಿತ್ತೇನು?" ಎಂದು. ತುಂಬ ದಿನ ಮೇವಿನ ಪ್ರಶ್ನೆಯನ್ನಷ್ಟೇ ನೆನಪಿಟ್ಟುಕೊಂಡಿದ್ದೆ. ಸಭ್ಯವಾದ ಪ್ರಶ್ನೆ ಅದು. ಅಕ್ಕ ಉತ್ತರ ಕೊಟ್ಟದ್ದು ಮೊದಲನೆಯದಕ್ಕೆ. ಖಾಲಿ ಕ್ಯಾನನ್ನು ಎತ್ತಿ ನನ್ನ ಬೂಟಿನ ಮುಂದೆ ಬೋರಲು ಹಾಕಿ ಹಿಡಿದಳು. ನಾಲ್ಕೈದು ಹನಿ ಹಾಲು ಬಿದ್ದವು. "ನೋಡ್ಕೋ" ಎಂದಳು.

ಸಂಘದ ಸಮಿತಿ ಎರಡು ದಿನದ ನಂತರ ಕೂತಿತು. ಅಧಿಕಾರಿಗಳೇ ಪರೀಕ್ಷೆ ಮಾಡಿದ್ದಾರೆ, ಅವರು ಅವಳ ತಮ್ಮ ಬೇರೆ, ಇನ್ನೇನು ಬೇಕು ಎಂದು, ಹದಿನೈದು ದಿನ ಅಕ್ಕನ ಹಾಲು ತೆಗೆದುಕೊಳ್ಳುವುದು ಬೇಡ ಎಂದು ಬರೆದರು. ಆ ಬೆಳಿಗ್ಗೆ ಪುಸ್ತಕದಲ್ಲಿ ನಾನು ಮಾಡಿದ್ದ ಹಸಿರು ಶಾಯಿಯ ಸಹಿಯೇ ಅವರಿಗೆ ಆಧಾರ. ಹದಿನೈದು ದಿನ ದೊಡ್ಡದಲ್ಲ. ಹದಿನಾರನೆಯ ದಿನ ಅಕ್ಕ ಬರಬಹುದಿತ್ತು. ಆ ಹದಿನೈದು ದಿನವೂ ಅವಳು ಎರಡು ಹೊತ್ತು ಕರೆದಳಂತೆ. ಓಣಿಯಾಚೆ ಡೇರಿಯ ಸರತಿಯ ಮಾತು, ನಗು ಕೇಳುತ್ತಿರುವಾಗಲೇ ಕರೆದು, ಕಾಸಿ, ಹೆಪ್ಪು ಹಾಕಿ, ಕೇಳಿದವರಿಗೆ ಮಜ್ಜಿಗೆ ಕೊಟ್ಟಳಂತೆ. ತೆಗೆದುಕೊಂಡವರು ಕೆಲವರು, "ಯಕ್ಕಾ, ಮಜ್ಜಿಗಿಗೆ ನೀರು ಹಾಕಿದ್ರ ತಪ್ಪಿಲ್ಲ ಬಿಡು" ಎಂದರಂತೆ. ಸಮಾಧಾನಕ್ಕೇ ಅಂದಿರಬೇಕು. ಹದಿನಾರನೆಯ ದಿನ ಆಕಳನ್ನು ಕರುವಿನ ಸಮೇತ ಹೊಡೆದುಕೊಂಡು ಹೋಗಿ ಲಿಂಗಸುಗೂರು ಕಡೆಯವರಿಗೆ ಮಾರಿಬಿಟ್ಟಳು. ನನಗೆ ಹೇಳಿ ಕಳಿಸಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ.

ನನಗೆ ಸಿಟ್ಟು ಬಂದಿತ್ತು. ತಪ್ಪು ಮಾಡಿ ಇಷ್ಟು ಸೆಟೆದುಕೊಳ್ಳುವುದೇ ಎಂದು. ಹೌದು, ಹಾಗೆಯೇ ಅಂದುಕೊಂಡಿದ್ದೆ. ಗೆರೆ ಎಳೆಯುವಂತಿದ್ದರೆ ಇಲ್ಲಿ ಎಳೆಯುತ್ತಿದ್ದೆ.

ಒಂದು ತಿಂಗಳಾಗಿತ್ತೇನೋ. ಸಿಂಧನೂರಿನ ಶೀತಲೀಕರಣ ಕೇಂದ್ರದ ಪ್ರಯೋಗಾಲಯದಲ್ಲಿ ಕೂತಿದ್ದೆ. ಅಲ್ಲಿ ಹಾಲು ಪರೀಕ್ಷಿಸುವ ಹೆಂಗಸು ಒಬ್ಬ ಹೊಸಬನಿಗೆ ಕೆಲಸ ಕಲಿಸುತ್ತಿದ್ದಳು. ದಢೇಸುಗೂರಿನವಳು, ಬಾಯಿ ಜೋರು. ಅವನು ಪಕ್ಕದವರು ಆಗಷ್ಟೇ ಕರೆದು ತಂದಿದ್ದ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಡಲು ಹೋದ. ಅವಳು ಅವನ ಕೈ ಹಿಡಿದಳು.

"ಏ, ತಡಿಯಪ್ಪಾ! ಬಿಸಿ ಹಾಲಿಗೆ ಬಿಡ್ತೀಯಲ್ಲೋ. ಪಾಪದ ಹಾಲಿಗೆ ಸುಳ್ಳ ಅಪವಾದ ಹೊರಸ್ತೀಯೇನು? ನೊರಿ ಆರ್ಲಿ ಮೊದ್ಲ."

ನೊರಿ ಆರ್ಲಿ.

ಅವ್ವನ ಮಾತು ತಿರುವುಮುರುವಾಗಿ ಕೇಳಿದಂತಾಯಿತು. ಯಾಕೆ ಎಂದು ನಾನು ಅವಳನ್ನು ಕೇಳಿದೆ. ಗೊತ್ತಿಲ್ಲದವನಂತೆ ಕೇಳಿದೆ. ಗೊತ್ತಿತ್ತು. ತರಬೇತಿಯಲ್ಲಿ ಕಲಿತಿದ್ದೆ, ಕಲಿಸಿದ್ದೆ. ಅವಳು ವಿಚಿತ್ರವಾಗಿ ನೋಡಿ ಹೇಳಿದಳು: "ಆಗ ಕರೆದ ಹಾಲು ಕೆಚ್ಚಲ ಶಾಖ ಹಿಡಕೊಂಡಿರ್ತೈತ್ರಿ ಸಾಹೇಬ್ರ, ಗಾಳೀನೂ ತುಂಬಿರ್ತೈತಿ. ಡಿಗ್ರಿ ಕೆಳಗಿಳಸ್ತೈತಿ. ತಾಸು ಬಿಟ್ಟು ಅದೇ ಹಾಲು ನೋಡ್ರಿ, ಏರಿರ್ತೈತಿ. ನಿಮಗ ನಾ ಹೇಳ್ಬೇಕಾ?"

ಅಲ್ಲಿಂದ ನೇರ ಆ ಊರಿಗೆ ಹೋದೆ. ಪುಸ್ತಕ ತೆಗೆಸಿದೆ. ಈ ಸಲ ಅಡ್ಡಸಾಲು ನೋಡಲಿಲ್ಲ, ಶಾಖದ ಕಲಮನ್ನು ಮೇಲಿನಿಂದ ಕೆಳಗೆ ಓದಿದೆ. ಇಪ್ಪತ್ತೇಳು, ಇಪ್ಪತ್ತೇಳು, ಇಪ್ಪತ್ತೇಳು. ಬೆಳಿಗ್ಗೆ ಇಪ್ಪತ್ತೇಳು, ಸಂಜೆ ಇಪ್ಪತ್ತೇಳು. ನಲವತ್ತು ಹೆಜ್ಜೆಯಿಂದ ಬಂದ ಹಾಲಿಗೂ ಅಷ್ಟೇ, ಹೊಲದಿಂದ ತಣ್ಣಗಾಗಿ ಬಂದ ಹಾಲಿಗೂ ಅಷ್ಟೇ. ಮುತ್ತು ಪೋಣಿಸಿದಂತೆ.

"ಥರ್ಮಾಮೀಟರ್ ಎಲ್ಲೈತಿ?"

"ಅದು ಒಡದು ಬಾಳ ದಿನ ಆತ್ರಿ. ಮೊದಲ ದಿನಾನ ಒಡದೈತಿ."

"ಮತ್ತ ಈ ಇಪ್ಪತ್ತೇಳು?"

ಕಾರ್ಯದರ್ಶಿ ನನ್ನನ್ನು ನೋಡಿದ. ಅವನ ಮುಖದಲ್ಲಿ ಕಳ್ಳತನ ಇರಲಿಲ್ಲ. ಅದು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ನೀವ ಹೇಳಿದ್ರಲ್ರಿ ಸಾಹೇಬ್ರ. ಈ ಖಾನೆದಾಗ ಇಪ್ಪತ್ತೇಳು ಇರಬೇಕು ಅಂತ."

ಇದ್ದರೆ ತಿದ್ದುವುದು ಬೇಡ ಎಂದು ಹೇಳಿದ್ದೆನೋ, ಇರಬೇಕು ಎಂದೆನೋ. ಆ ದಿನ ಅವಸರದಲ್ಲಿದ್ದೆ, ಇನ್ನೊಂದು ಊರಿಗೆ ಹೋಗಬೇಕಿತ್ತು. "ಇಪ್ಪತ್ತೇಳು ಇರಬೇಕು, ಇಲ್ಲಂದ್ರ ಕೂಡಿಸಬೇಕು" ಎಂದು ಹೇಳಿ ಕೊನೆಯರ್ಧ ಬೈಕಿನ ಸದ್ದಿನಲ್ಲಿ ಹೋಗಿರಬಹುದು. ಈ ಬೈಕಿನ ಸದ್ದನ್ನು ನಾನು ಆಮೇಲೆ ಸೇರಿಸಿಕೊಂಡೆನೇ ಎಂದು ಅನುಮಾನ. ನನಗೆ ಬೇಕಾದ ಸದ್ದು ಅದು. ಅವನ ನೆನಪೂ ನನ್ನ ನೆನಪೂ ಬೇರೆ. ಎರಡರಲ್ಲಿ ಅವನದೇ ಸರಿಯಿರಬೇಕು, ಅವನು ಹೇಳಿದ್ದನ್ನು ಹೇಳಿದಂತೆ ಬರೆಯುವವನು.

ಅಲ್ಲೇ ಕೂತು ತಿದ್ದಿದ ಲೆಕ್ಕ ಹಾಕಿದೆ. ಆಗ ಕರೆದ ಹಾಲಿನ ಶಾಖ ಮೂವತ್ತಾರು ಎಂದು ಹಿಡಿದರೆ ಒಂಬತ್ತು ಹೆಚ್ಚು. ಡಿಗ್ರಿಗೆ ಒಂದು ಪಾಯಿಂಟ್ ಎಂಟು ಕೂಡುತ್ತದೆ. ಎಸ್‌ಎನ್‌ಎಫ್ ಎಂಟೂವರೆಯ ಮೇಲೆ ಹೋಗುತ್ತದೆ. ಅದು ಮಾತ್ರವಲ್ಲ. ನೀರು ಬಿದ್ದಿದ್ದರೆ ಫ್ಯಾಟೂ ಇಳಿಯಬೇಕಿತ್ತು. ಅಕ್ಕನ ಫ್ಯಾಟು ಯಂತ್ರ ಇದ್ದಾಗ ಇದ್ದಂತೆಯೇ ಇತ್ತು. ಲೀಟರ್ ಏರಬೇಕಿತ್ತು. ಆರು ಲೀಟರ್ ಆರೇ ಇತ್ತು. ಒಂದೇ ಅಂಕಿ ಅವಳ ವಿರುದ್ಧ, ಪಕ್ಕದ ಎರಡು ಅಂಕಿ ಎರಡು ವಾರ ಅವಳ ಪರ ಸಾಕ್ಷಿ ಹೇಳುತ್ತ ನಿಂತಿದ್ದವು. ಒಂದೊಂದು ಸಾಲಿನ ಲೆಕ್ಕ ಸರಿಯೇ ಎಂದು ನೋಡಿದವನು ಸಾಲಿಗೆ ಸಾಲು ಹೋಲಿಸಿರಲಿಲ್ಲ. ಎಲ್ಲರಿಗಿಂತ ತಾಜಾ ಹಾಲು ತಂದವಳಿಗೇ ನೀರಿನ ಹೆಸರು ಬಂದಿತ್ತು, ತಾಜಾ ಇದ್ದುದಕ್ಕೇ ಬಂದಿತ್ತು.

ಓಣಿ ದಾಟಿ ಅಕ್ಕನ ಮನೆಗೆ ಹೋದೆ. ಅವಳು ಭತ್ತದ ಸಸಿ ಹಚ್ಚಲು ಕೂಲಿಗೆ ಹೋಗಿ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ಕೊಟ್ಟಿಗೆಯ ಗೂಟಕ್ಕೆ ಹಗ್ಗ ಸುತ್ತಿಟ್ಟಿತ್ತು. ಪುಸ್ತಕ ಹಿಡಿದು ಬಂದ ನನ್ನನ್ನು ಕಂಡು, "ಮತ್ತೇನು ತಪ್ಪು ಸಿಕ್ತು?" ಎಂದಳು.

ಎಲ್ಲ ಹೇಳಿದೆ. ಥರ್ಮಾಮೀಟರ್ ಒಡೆದದ್ದು, ಇಪ್ಪತ್ತೇಳು, ನೊರೆ, ಬಿಸಿ. ಅವಳು ಕಾಲು ತೊಳೆಯುತ್ತಲೇ ಇದ್ದಳು. ನೊರೆಯ ಮಾತು ಬಂದಾಗ ಮಾತ್ರ ತಲೆಯೆತ್ತಿದಳು.

"ಅಂದ್ರ ಅವ್ವ ಹೇಳಿದ್ದು ತಪ್ಪಾ?"

"ಅವ್ವ ಹೇಳಿದ್ದು ತಪ್ಪಲ್ಲ. ಇದು ಬ್ಯಾರೆ..."

"ತಡದು ಒಯ್ದಿದ್ರ ಸರಿ ಇತ್ತು."

"ಹೌದು."

"ನೀ ಜಾಡಿ ಹಿಡ್ದಾಗ ಬಿಸಿ ಹತ್ತಲಿಲ್ಲೇನು ಕೈಗೆ?"

ಹತ್ತಿತ್ತು ಎಂದೆ.

ಅವಳು ಉಳಿದ ನೀರನ್ನು ಕಾಲಿಗೆ ಸುರಿದುಕೊಂಡಳು. ಆಮೇಲೆ, "ಹಂಗಾದ್ರ ಪುಸ್ತಕದಾಗ ಬರಿ" ಎಂದಳು.

ಬರೆದೆ. ನಿಯಮದಂತೆ ಅವಳ ಸಾಲುಗಳ ಇಪ್ಪತ್ತೇಳರ ಮೇಲೆ ಗೆರೆ ಎಳೆದೆ, ಪಕ್ಕದಲ್ಲಿ ಬರೆದು ಹಸಿರು ಶಾಯಿಯಲ್ಲಿ ಸಹಿ ಮಾಡಿದೆ. ಅವಳು ನಾಲ್ಕನೆಯ ಇಯತ್ತೆ ಓದಿದವಳು, ನನ್ನ ಅಕ್ಷರ ಅವಳಿಗೆ ಓದಲು ಬರುವುದಿಲ್ಲ. "ಓದು" ಎಂದಳು.

"ಹಾಲಿನ ಶಾಖ ಅಳೆದಿರುವುದಿಲ್ಲ. ಆದ್ದರಿಂದ ಈ ಸದಸ್ಯರ ರೀಡಿಂಗು ನಂಬಲು ಅರ್ಹವಲ್ಲ."

"ಅದರಾಗ ನೀರು ಹಾಕಿಲ್ಲ ಅಂತ ಎಲ್ಲಿ ಐತಿ?"

ನಾನು ಮತ್ತೊಮ್ಮೆ ನೋಡಿದೆ, ಎಲ್ಲೋ ಇರಬಹುದು ಎನ್ನುವಂತೆ.

"ಹಂಗ ಬರಿಯಾಕ ಬರಂಗಿಲ್ಲಕ್ಕಾ. ಫ್ಯಾಟು ದಿನದಿನಕ್ಕ ಏರತಿರ್ತೈತಿ, ಇಳೀತಿರ್ತೈತಿ. ಅದ್ರ ಮ್ಯಾಲ ಬರದ್ರ ಮ್ಯಾಲಿನವರು ಒಪ್ಪಂಗಿಲ್ಲ. ಖರೇ ಹಾಕಿಲ್ಲ ಅಂತ ಬರೀಬೇಕಂದ್ರ ಮತ್ತ ಪರೀಕ್ಷೆ ಮಾಡಬೇಕು. ಅದೇ ಆಕಳ ಹಾಲು ಬೇಕು."

ಅವಳು ಗೂಟದ ಕಡೆ ನೋಡಿದಳು. ನಾನೂ ನೋಡಿದೆ.

"ಹಾಕ್ಯಾಳ ಅನ್ನಾಕ ಪುಸ್ತಕ ಸಾಕಾಗಿತ್ತು" ಎಂದಳು. "ಹಾಕಿಲ್ಲ ಅನ್ನಾಕ ಹಾಲು ಬೇಕೇನು?"

ಈಗ ಆ ಡೇರಿಯಲ್ಲಿ ಯಂತ್ರ ಬಂದಿದೆ, ಹೊಸ ಥರ್ಮಾಮೀಟರೂ ಇದೆ. ಗೋಡೆಯ ಮೇಲೆ ಕಾರ್ಯದರ್ಶಿ ತನ್ನ ಚೆಂದದ ಅಕ್ಷರದಲ್ಲಿ ಬರೆದಿದ್ದಾನೆ: ನೊರೆ ಆರಿದ ಮೇಲೆ ಪರೀಕ್ಷೆ. ಸಮಿತಿಯವರು ಅಕ್ಕನ ಮನೆಗೆ ಹೋಗಿ, ಇನ್ನೊಂದು ಆಕಳು ಕಟ್ಟು ಯಕ್ಕಾ, ಹಾಲು ತಗೋತೀವಿ ಎಂದು ಬಂದರು. ಅವಳು ಆಯಿತು ಎಂದಳಂತೆ. ಕಟ್ಟಿಲ್ಲ. ಕೂಲಿಗೆ ಹೋಗುವಾಗ ಆ ಗೋಡೆಯ ಮುಂದೆಯೇ ಹೋಗುತ್ತಾಳೆ.

ಆ ದಿನ ಎದ್ದು ಹೊರಡುವಾಗ ಅಕ್ಕ ನನಗೆ ಹಾಲಿಲ್ಲದ ಕರಿ ಚಹಾ ಕೊಟ್ಟಳು.

ಗೆರೆ. ಕೊಡಲಿಲ್ಲ. ಈ ಸಾಲನ್ನು ಬಹಳ ಸಲ ಬರೆದಿದ್ದೇನೆ. ಕೊಟ್ಟಿದ್ದರೆ ಚೆನ್ನಾಗಿರುತ್ತಿತ್ತು ಎಂದು ಬರೆದಿದ್ದೇನೆ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಾಗಿಲ ತನಕ ಬಂದು, "ಹೋಗಿ ಬರ್ರಿ" ಎಂದಳು. ಬರ್ರಿ ಎಂದಳು, ನನಗೆ.